‘ಶೇಕಡಾ 80ರಷ್ಟು ರಕ್ತದಲ್ಲೇ ಇದೆ’ ಎಂಬ ಮಾತಿನ ಲೆಕ್ಕ

ಜಾತಿಯ ಮೇಲು-ಕೀಳನ್ನು ಸಮರ್ಥಿಸುವವರು ಈಗ ಪೂರ್ವಜನ್ಮದ ಕರ್ಮವನ್ನು ಅಷ್ಟಾಗಿ ಎತ್ತುವುದಿಲ್ಲ. ಅವರ ಬಾಯಲ್ಲೀಗ ‘ಜೀನ್’ ಎಂಬ ಶಬ್ದ ಬಂದಿದೆ. ‘ಬುದ್ಧಿ ಅರ್ಧಕ್ಕಿಂತ ಹೆಚ್ಚು ಆನುವಂಶಿಕವೆಂದು ವಿಜ್ಞಾನವೇ ಹೇಳಿದೆ, ಹಾಗಾಗಿ ಕೆಲವು ಸಮುದಾಯಗಳ ಮಕ್ಕಳು ಮುಂದಿರುವುದು, ಕೆಲವರು ಹಿಂದುಳಿದಿರುವುದು ಸಹಜ’ ಎಂಬ ಮಾತನ್ನು ನಾನು ಹೊರಗಿನವರಿಂದಷ್ಟೇ ಅಲ್ಲ, ನಿತ್ಯ ಇಷ್ಟಲಿಂಗ ಪೂಜೆ ಮಾಡುವ, ಓದಿ ಒಳ್ಳೆಯ ನೌಕರಿಯಲ್ಲಿರುವ ನಮ್ಮವರಿಂದಲೂ ಕೇಳಿದ್ದೇನೆ. ಒಳಪಂಗಡ ದಾಟಿ ಬೀಗತನ ಮಾಡುವ ಪ್ರಸ್ತಾಪ ಬಂದರಂತೂ ಇದು ತಪ್ಪದೆ ಬರುತ್ತದೆ. ಹುಟ್ಟಿನಿಂದ ಯಾರೂ ಹೆಚ್ಚಲ್ಲವೆಂದು ಶರಣರು ಸಾರಿದ್ದನ್ನು ನೆನಪಿಸಿದರೆ, ‘ಅದು ಆದರ್ಶ, ಇದು ವಿಜ್ಞಾನ’ ಎನ್ನುತ್ತಾರೆ. ಬಹಳ ವರ್ಷ ತಳಿಶಾಸ್ತ್ರ ಪಾಠ ಮಾಡಿದವನಾಗಿ ಹೇಳುತ್ತೇನೆ: ಈ ಮಾತು ಆದರ್ಶಕ್ಕೆ ಒಪ್ಪುತ್ತದೋ ಇಲ್ಲವೋ ಎಂಬುದು ಆಮೇಲಿನ ಪ್ರಶ್ನೆ, ಮೊದಲು ಅದು ವಿಜ್ಞಾನಕ್ಕೇ ಒಪ್ಪುವುದಿಲ್ಲ.

ಇವರು ಹಿಡಿದುಕೊಂಡಿರುವ ಅಂಕಿಯ ಹೆಸರು ‘ಹೆರಿಟಬಿಲಿಟಿ’. ಅದನ್ನು ಬಳಕೆಗೆ ತಂದದ್ದು ದನಗಳ ತಳಿ ಸುಧಾರಣೆಗೆ. 1930-40ರ ದಶಕಗಳಲ್ಲಿ ಅಮೆರಿಕದ ಅಯೋವಾದ ಜೇ ಲಷ್ ಮೊದಲಾದವರ ಮುಂದಿದ್ದ ಪ್ರಶ್ನೆ ಸರಳವಾಗಿತ್ತು: ಹೆಚ್ಚು ಹಾಲು ಕೊಡುವ ಹಸುಗಳನ್ನೇ ಆರಿಸಿದರೆ ಮುಂದಿನ ಪೀಳಿಗೆಯಲ್ಲಿ ಹಾಲು ಎಷ್ಟು ಹೆಚ್ಚೀತು? ಒಂದು ಹಿಂಡಿನ ಸರಾಸರಿ 8 ಲೀಟರ್ ಎಂದಿಟ್ಟುಕೊಳ್ಳಿ. 12 ಲೀಟರ್ ಕೊಡುವ ಹಸುಗಳನ್ನು ಆರಿಸಿ, ಅಷ್ಟೇ ಉತ್ತಮ ಹೋರಿ ಕೊಟ್ಟಿರಿ. ಹೆರಿಟಬಿಲಿಟಿ ಶೇಕಡಾ 30 ಆಗಿದ್ದರೆ ಆ 4 ಲೀಟರ್ ಹೆಚ್ಚಳದಲ್ಲಿ 1.2 ಲೀಟರ್ ಮಾತ್ರ ಕರುಗಳಿಗೆ ಇಳಿಯುತ್ತದೆ. ಅವುಗಳ ಸರಾಸರಿ 9.2 ಆದೀತು, 12 ಆಗದು. ಅದೂ ಅದೇ ಕೊಟ್ಟಿಗೆ, ಅದೇ ಮೇವು ಇದ್ದರೆ.

ಮನುಷ್ಯರ ಎತ್ತರಕ್ಕೆ ಬರೋಣ. ಒಂದು ಊರಿನ ಜನ ಎತ್ತರದಲ್ಲಿ ಒಬ್ಬರಿಗಿಂತ ಒಬ್ಬರು ಬೇರೆಯಾಗಿರುತ್ತಾರೆ. ಆ ಒಟ್ಟು ವ್ಯತ್ಯಾಸವನ್ನು ಅಳೆದು 50 ಪಾಲು ಎನ್ನೋಣ. ಅದರಲ್ಲಿ 40 ಪಾಲು ಅವರವರ ಜೀನ್‌ಗಳ ವ್ಯತ್ಯಾಸದಿಂದ, 10 ಪಾಲು ಊಟ, ಕಾಯಿಲೆ, ಮನೆಯ ಸ್ಥಿತಿಯ ವ್ಯತ್ಯಾಸದಿಂದ ಬಂದಿದ್ದರೆ ಹೆರಿಟಬಿಲಿಟಿ ಶೇಕಡಾ 80. ಉಣ್ಣಲು ಕೊರತೆಯಿಲ್ಲದ ದೇಶಗಳಲ್ಲಿ ಎತ್ತರಕ್ಕೆ ಸಿಗುವ ಅಂಕಿ ಹೆಚ್ಚುಕಡಿಮೆ ಇದೇ. ಈಗ ಅದೇ ಊರಿಗೆ ಬರ ಬಂತು, ಉಳ್ಳವರು ಉಂಡರು, ಇಲ್ಲದವರು ಉಪವಾಸ ಬಿದ್ದರು ಎನ್ನಿ. ಊಟದಿಂದಾದ ವ್ಯತ್ಯಾಸ 10ರಿಂದ 40 ಪಾಲಿಗೆ ಏರಿದರೆ ಒಟ್ಟು 80 ಆಗುತ್ತದೆ, ಅದರಲ್ಲಿ ಜೀನ್‌ಗಳ 40 ಈಗ ಶೇಕಡಾ 50 ಮಾತ್ರ. ಯಾರ ರಕ್ತವೂ ಬದಲಾಗಿಲ್ಲ, ಅಂಕಿ ಬದಲಾಯಿತು. ಅಂದರೆ ಹೆರಿಟಬಿಲಿಟಿ ಎಂಬುದು ಒಂದು ಗುಣದ ಸ್ವಭಾವವಲ್ಲ. ಇಂಥ ಜನಸಮೂಹದಲ್ಲಿ, ಇಂಥ ಕಾಲದಲ್ಲಿ, ಇಂಥ ಪರಿಸ್ಥಿತಿಯಲ್ಲಿ ಕಂಡ ವ್ಯತ್ಯಾಸದ ಲೆಕ್ಕ.

ಹಾಗಾಗಿ ಅದು ಒಬ್ಬ ವ್ಯಕ್ತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. 170 ಸೆಂಟಿಮೀಟರ್ ಎತ್ತರದವನಿಗೆ ‘ನಿನ್ನ 136 ಸೆಂಟಿಮೀಟರ್ ತಂದೆ-ತಾಯಿ ಕೊಟ್ಟದ್ದು, ಉಳಿದ 34 ಊಟ ಕೊಟ್ಟದ್ದು’ ಎನ್ನಲಾಗದು. ಇನ್ನೊಂದು ವಿಚಿತ್ರ ನೋಡಿ. ಕೈಗೆ ಐದು ಬೆರಳು ಮೂಡುವುದು ಜೀನ್‌ಗಳಿಂದಲೇ. ಆದರೆ ಬೆರಳಿನ ಸಂಖ್ಯೆಯ ಹೆರಿಟಬಿಲಿಟಿ ತೀರ ಕಡಿಮೆ, ಏಕೆಂದರೆ ಬೆರಳು ಕಡಿಮೆ ಇರುವವರಲ್ಲಿ ಹೆಚ್ಚಿನವರು ಅದನ್ನು ಗಾಣಕ್ಕೋ ಯಂತ್ರಕ್ಕೋ ಕೊಟ್ಟು ಕಳೆದುಕೊಂಡವರು. ವ್ಯತ್ಯಾಸ ಬಂದದ್ದು ಅಪಘಾತದಿಂದ, ಲೆಕ್ಕ ಹಿಡಿಯುವುದೂ ಅದನ್ನೇ.

ನಮ್ಮ ಮಠಗಳ ಪ್ರಸಾದ ನಿಲಯಗಳನ್ನು ಈ ದೃಷ್ಟಿಯಿಂದ ಒಮ್ಮೆ ನೋಡಬೇಕು. ಬೇರೆ ಬೇರೆ ಮನೆಗಳಿಂದ ಬಂದ ಮಕ್ಕಳಿಗೆ ಚಿಕ್ಕಂದಿನಿಂದಲೇ ಒಂದೇ ಪಂಕ್ತಿಯ ಊಟ, ಒಂದೇ ಪಾಠ, ಒಂದೇ ಹೊತ್ತಿನ ನಿದ್ದೆ ಸಿಕ್ಕಿದರೆ ಪರಿಸರದ ವ್ಯತ್ಯಾಸ ತಗ್ಗುತ್ತದೆ. ಆಗ ಅವರ ನಡುವೆ ಉಳಿಯುವ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಹೆಚ್ಚಾಗಿ, ಹೆರಿಟಬಿಲಿಟಿ ಏರುತ್ತದೆ. ಮೇಲು-ಕೀಳಿಗೆ ಪುರಾವೆಯೆಂದು ಕೆಲವರು ಬೀಸುವ ದೊಡ್ಡ ಅಂಕಿ ಎಷ್ಟೋ ಸಲ ಅಲ್ಲಿ ಸಮಾನತೆ ಬಂದಿರುವುದರ ಗುರುತು. ಅದನ್ನೇ ‘ದಾಸೋಹ ಮಾಡಿ ಪ್ರಯೋಜನವಿಲ್ಲ’ ಎನ್ನಲು ಬಳಸುವವರಿಗೆ ನಾನೇನು ಹೇಳಲಿ!

ಗುಂಪುಗಳ ವಿಷಯದಲ್ಲಿ ಈ ತಪ್ಪು ಇನ್ನೂ ದೊಡ್ಡದು. 1969ರಲ್ಲಿ ಅಮೆರಿಕದ ಆರ್ಥರ್ ಜೆನ್ಸೆನ್ ಎಂಬ ಮನಶ್ಶಾಸ್ತ್ರಜ್ಞರು, ಬುದ್ಧಿಮಾಪನ ಪರೀಕ್ಷೆಯ ಅಂಕಗಳ ಹೆರಿಟಬಿಲಿಟಿ ಬಹಳ ಹೆಚ್ಚೆಂಬುದನ್ನು ಮುಂದಿಟ್ಟು, ಕರಿಯರ ಮತ್ತು ಬಿಳಿಯರ ಸರಾಸರಿ ಅಂಕಗಳ ಅಂತರದಲ್ಲೂ ಜೀನ್‌ಗಳ ಪಾತ್ರ ಬಲವಾಗಿರಬಹುದೆಂದು ಬರೆದರು. ಮರುವರ್ಷ ತಳಿವಿಜ್ಞಾನಿ ರಿಚರ್ಡ್ ಲಿವೊಂಟಿನ್ ಅದಕ್ಕೆ ಉತ್ತರ ಕೊಟ್ಟರು. ರೈತನಿಗೂ ತಿಳಿಯುವ ಉತ್ತರ ಅದು. ಮಿಶ್ರ ತಳಿಯ ಮೆಕ್ಕೆಜೋಳದ ಒಂದೇ ಚೀಲದಿಂದ ಎರಡು ಹಿಡಿ ಬೀಜ ತೆಗೆಯಿರಿ. ಒಂದು ಹಿಡಿಯನ್ನು ಎಲ್ಲ ಪೋಷಕಾಂಶ ಇರುವ ಕಡೆ ಬೆಳೆಸಿ. ಇನ್ನೊಂದನ್ನು ನೈಟ್ರೇಟ್ ಅರ್ಧಕ್ಕಿಳಿಸಿ, ಸತುವನ್ನು ಪೂರ್ತಿ ಬಿಟ್ಟ ಕಡೆ ಬೆಳೆಸಿ. ಮೊದಲ ಕಡೆ ಪ್ರತಿ ಗಿಡಕ್ಕೂ ಸಿಕ್ಕದ್ದು ಒಂದೇ ಆದ್ದರಿಂದ ಅವುಗಳ ನಡುವಿನ ವ್ಯತ್ಯಾಸವೆಲ್ಲ ಬೀಜದ್ದು, ಹೆರಿಟಬಿಲಿಟಿ ಶೇಕಡಾ 100. ಎರಡನೆಯ ಕಡೆಯೂ ಹಾಗೆಯೇ ಶೇಕಡಾ 100. ಆದರೆ ಎರಡು ಗುಂಪುಗಳ ಸರಾಸರಿ ಎತ್ತರದ ಅಂತರದಲ್ಲಿ ಬೀಜದ ಪಾಲು ಸೊನ್ನೆ. ಅದು ಪೂರ್ತಿಯಾಗಿ ಗೊಬ್ಬರದ್ದು.

ಇಡೀ ಗುಂಪಿಗೆ ಒಂದೇ ಪ್ರಮಾಣದಲ್ಲಿ ಬಿದ್ದ ಕೊರತೆ ಗುಂಪಿನ ಒಳಗಿನ ವ್ಯತ್ಯಾಸದಲ್ಲಿ ಕಾಣುವುದೇ ಇಲ್ಲ ಎಂಬುದು ಇದರ ತಿರುಳು. ಕೇರಿಗೆ ಕೇರಿಯನ್ನೇ ತಲೆಮಾರುಗಟ್ಟಲೆ ಬಾವಿಯಿಂದ, ಶಾಲೆಯಿಂದ ದೂರ ಇಟ್ಟಿದ್ದರೆ, ಆ ಕೇರಿಯೊಳಗೆ ಅಳೆದ ಹೆರಿಟಬಿಲಿಟಿಗೆ ಆ ಸಂಗತಿ ಗೊತ್ತೇ ಆಗದು. ಲಿವೊಂಟಿನ್ ಇನ್ನೊಂದು ಎಚ್ಚರಿಕೆಯನ್ನೂ ಸೇರಿಸಿದ್ದರು. ನೈಟ್ರೇಟ್ ಕಡಿಮೆಯಾದದ್ದು ಗೊತ್ತಾಗಿ ಅದನ್ನು ಸರಿಪಡಿಸಿದ ಮೇಲೂ ಗಿಡಗಳು ಗಿಡ್ಡವಾಗಿಯೇ ಉಳಿಯಬಹುದು. ‘ಎಲ್ಲ ಕೊಟ್ಟಾಯಿತು, ಇನ್ನು ಬೀಜದ್ದೇ ದೋಷ’ ಎಂದು ಅವಸರದಲ್ಲಿ ತೀರ್ಮಾನಿಸುವವನಿಗೆ ಸತುವಿನ ಕೊರತೆ ಕಂಡಿರುವುದಿಲ್ಲ. ಮೀಸಲಾತಿ ಕೊಟ್ಟು ಇಷ್ಟು ವರ್ಷವಾದರೂ ಯಾಕೆ ಸಮ ಆಗಿಲ್ಲ ಎಂದು ಕೇಳುವವರನ್ನು ಕಂಡಾಗೆಲ್ಲ ನನಗೆ ಈ ಸತುವಿನ ನೆನಪಾಗುತ್ತದೆ.

ಇದು ಬರೀ ಕಲ್ಪನೆಯ ಹೊಲವಲ್ಲ. 1896ರ ಸುಮಾರಿಗೆ ಹುಟ್ಟಿದ ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ ಸುಮಾರು 142 ಸೆಂಟಿಮೀಟರ್ ಇತ್ತು, 1996ರಲ್ಲಿ ಹುಟ್ಟಿದವರದು ಸುಮಾರು 162. ನೂರು ವರ್ಷದಲ್ಲಿ ಒಂದು ಜನಾಂಗದ ಜೀನ್‌ಗಳು ಅಷ್ಟು ಬದಲಾಗುವುದಿಲ್ಲ. ಎತ್ತರದಷ್ಟು ಹೆಚ್ಚು ಹೆರಿಟಬಿಲಿಟಿ ಇರುವ ಗುಣದಲ್ಲೇ, ಅದೇ ಜನರ ಎರಡು ಕಾಲದ ಗುಂಪುಗಳ ನಡುವೆ 20 ಸೆಂಟಿಮೀಟರ್ ಅಂತರ ಬಂದದ್ದು ಅನ್ನದಿಂದ, ಆರೋಗ್ಯದಿಂದ.

ನನ್ನ ವಾದವನ್ನು ಯಾರೂ ಹಿಗ್ಗಿಸಬಾರದು. ಮಕ್ಕಳೆಲ್ಲ ಒಂದೇ ಸಾಮರ್ಥ್ಯದಿಂದ ಹುಟ್ಟುತ್ತಾರೆಂದು ನಾನು ಹೇಳುತ್ತಿಲ್ಲ. ಒಂದೇ ಮನೆಯ ಅಣ್ಣ-ತಮ್ಮಂದಿರೇ ಒಂದೇ ಥರ ಇರುವುದಿಲ್ಲ. ಹೆರಿಟಬಿಲಿಟಿಯ ಅಂಕಿಯೊಂದನ್ನೇ ಹಿಡಿದು ಎರಡು ಸಮುದಾಯಗಳ ಅಂತರಕ್ಕೆ ಕಾರಣ ಹೇಳಲು ಬರುವುದಿಲ್ಲ ಎಂಬುದಷ್ಟೇ ನನ್ನ ಮಾತು. ತಳಿಗಳನ್ನು ಹೋಲಿಸುವವರು ಹೊಲವನ್ನು ಸಣ್ಣ ಸಣ್ಣ ತಾಕುಗಳಾಗಿ ಮಾಡಿ, ಯಾವ ತಳಿ ಯಾವ ತಾಕಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿ, ಹಲವು ಸಲ ಬಿತ್ತಿ ನೋಡುತ್ತಾರೆ. ಒಂದು ತಳಿಯನ್ನು ಎರೆಹೊಲದಲ್ಲಿ, ಇನ್ನೊಂದನ್ನು ಮಸಾರಿಯಲ್ಲಿ ಬಿತ್ತಿ, ‘ಮೊದಲನೆಯದೇ ಶ್ರೇಷ್ಠ’ ಎಂದು ಬರೆದು ತಂದ ವಿದ್ಯಾರ್ಥಿಯ ಪ್ರಬಂಧವನ್ನು ಯಾವ ಕೃಷಿ ಕಾಲೇಜೂ ಒಪ್ಪುವುದಿಲ್ಲ. ಜಾತಿಗಳ ಬಗ್ಗೆ ನಮ್ಮ ಮದುವೆ ಮಾತುಕತೆಗಳಲ್ಲಿ ವಿಜ್ಞಾನದ ಹೆಸರಿನಲ್ಲಿ ಓಡಾಡುತ್ತಿರುವುದು ಅಂಥದೇ ಪ್ರಬಂಧ.