‘ನೋ ಕಾಸ್ಟ್’ ಟಿಕೆಟ್‌ಗೆ ತಗಲುವ ಕಾಸೆಷ್ಟು?

ಕಳೆದ ವರ್ಷ ದೆಹಲಿಯಿಂದ ಸಂದರ್ಶನಕ್ಕೆ ಕರೆ ಬಂದಾಗ ನನ್ನ ಕೈ ಖಾಲಿಯಾಗಿತ್ತು. ಬೆಂಗಳೂರಿನಿಂದ ಹೋಗಿಬರುವ ವಿಮಾನ ಟಿಕೆಟ್‌ಗೆ 12,000 ರೂಪಾಯಿ. ಹಣ ಪಾವತಿಸುವ ಪುಟದಲ್ಲಿ ‘ನೋ ಕಾಸ್ಟ್ ಇಎಂಐ, 6 ತಿಂಗಳು’ ಎಂದಿತ್ತು. ಅಣ್ಣನ ಕ್ರೆಡಿಟ್ ಕಾರ್ಡ್ ಕೇಳಿ ಪಡೆದು ಟಿಕೆಟ್ ಬುಕ್ ಮಾಡಿದೆ. ಬಿಲ್ ಬಂದಾಗ ಅಣ್ಣ ಕೇಳಿದ: ‘ಬಡ್ಡಿ ಇಲ್ಲ ಅಂದಿದ್ಯಲ್ಲೋ, ಇದೇನಿದು?’

ಆಮೇಲೆ ಕೂತು ಲೆಕ್ಕ ಹಾಕಿದೆ. ವಾರ್ಷಿಕ ಶೇ 15ರ ದರದಲ್ಲಿ ಆರು ತಿಂಗಳ ಬಡ್ಡಿ ಸುಮಾರು 530 ರೂಪಾಯಿ. ‘ನೋ ಕಾಸ್ಟ್’ನಲ್ಲಿ ಈ ಮೊತ್ತವನ್ನು ಮೊದಲೇ ರಿಯಾಯಿತಿಯಾಗಿ ಕಳೆಯುತ್ತಾರೆ, ಆದರೆ ಬ್ಯಾಂಕ್ ಬಡ್ಡಿಯನ್ನು ಬಿಡುವುದಿಲ್ಲ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಎಂದು 95 ರೂಪಾಯಿ, ಸಂಸ್ಕರಣಾ ಶುಲ್ಕ 199 ಮತ್ತು ಅದರ ತೆರಿಗೆ ಸೇರಿ 235 ರೂಪಾಯಿ ನಮ್ಮ ತಲೆಗೇ ಬಂತು. ‘ಉಚಿತ’ಕ್ಕೆ ತೆತ್ತದ್ದು 330. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿತ್ತು. ರಿಯಾಯಿತಿ ಇಲ್ಲದ ಸಾಮಾನ್ಯ ಇಎಂಐ ಆಗಿದ್ದರೆ ಹೆಚ್ಚುವರಿ ಹೊರೆ 860 ರೂಪಾಯಿ. ಅಸಲು ತಿಂಗಳು ತಿಂಗಳು ಕರಗುವುದರಿಂದ ಇದು ವರ್ಷಕ್ಕೆ ಶೇ 24ರಷ್ಟು ಬಡ್ಡಿ ತೆತ್ತಂತೆ.

ಅದೇ ತಿಂಗಳಿಗೆ 2,000ದಂತೆ ಆರು ತಿಂಗಳು ಶೇ 6.5ರ ಆರ್‌ಡಿ ಕಟ್ಟಿದ್ದರೆ ಸುಮಾರು 225 ರೂಪಾಯಿ ಬಡ್ಡಿ ನಮಗೇ ಸಿಗುತ್ತಿತ್ತು. ಆದರೆ ಎರಡು ವಾರದಲ್ಲಿರುವ ಸಂದರ್ಶನ ಆರ್‌ಡಿಗಾಗಿ ಕಾಯುವುದಿಲ್ಲ. ದಿನಾಂಕ ಗೊತ್ತಿರುವ ಪ್ರವಾಸಕ್ಕೂ, ಕಾದಷ್ಟೂ ದರ ಸುಮಾರು 1,085ಕ್ಕಿಂತ ಹೆಚ್ಚು ಏರುವುದಾದರೆ ಕಂತೇ ಅಗ್ಗ. ಏರದಿದ್ದರೆ ಉಳಿತಾಯವೇ ಲಾಭ. ತುರ್ತಿಗೆ ಎರಡು ರಾತ್ರಿಯ ಕರ್ನಾಟಕ ಎಕ್ಸ್‌ಪ್ರೆಸ್ ಕೂಡ ಇದೆ, ನಾನು ಅದನ್ನು ಯೋಚಿಸಲೇ ಇಲ್ಲ.

ಕೊನೆಗೆ ಸಂದರ್ಶನವೇ ಮುಂದಕ್ಕೆ ಹೋಯಿತು. ಟಿಕೆಟ್ ರದ್ದು ಮಾಡಿದಾಗ ಮರಳಿದ್ದು 4,500 ಮಾತ್ರ. ಸಂಸ್ಕರಣಾ ಶುಲ್ಕ ಹಿಂದಿರುಗಲಿಲ್ಲ, ಕಂತು ತಾನಾಗಿ ನಿಲ್ಲಲೂ ಇಲ್ಲ. ಹಾರದ ವಿಮಾನಕ್ಕೆ ಆರು ತಿಂಗಳು ಕಂತು ಕಟ್ಟಿದೆ.

ಕಾರ್ಡ್ ಇಲ್ಲದವರಿಗೆ ಆ್ಯಪ್‌ಗಳು ‘ಈಗ ಹಾರಿ, ಆಮೇಲೆ ಕಟ್ಟಿ’ ಎನ್ನುತ್ತವೆ. ಅದು ನಮ್ಮದೇ ಹೆಸರಿನಲ್ಲಿ ಪಡೆಯುವ ಸಾಲ. ಕಂತು ತಪ್ಪಿದರೆ ದಂಡದ ಜೊತೆಗೆ ಕ್ರೆಡಿಟ್ ವರದಿಯಲ್ಲೂ ಕಲೆ ಉಳಿಯಬಹುದು. ಸಾಲ ಮರುಪಾವತಿಯಲ್ಲಿ ಸುಸ್ತಿಯಾದವರು ಅನರ್ಹರು ಎಂಬ ಷರತ್ತು ಎಸ್‌ಬಿಐ ನೇಮಕಾತಿ ಅಧಿಸೂಚನೆಗಳಲ್ಲಿ ಬಂದಿದೆ. ಕೆಲಸ ಹುಡುಕಿ ಹೊರಟ ಟಿಕೆಟ್ಟೇ ಕೆಲಸಕ್ಕೆ ಅಡ್ಡ ಬರಬಾರದಲ್ಲ! ರಿಸರ್ವ್ ಬ್ಯಾಂಕ್ ನಿಯಮದಂತೆ ಆ್ಯಪ್ ಸಾಲ ಕೊಡುವ ಮುನ್ನ ಎಲ್ಲ ಶುಲ್ಕ ಸೇರಿದ ವಾರ್ಷಿಕ ದರವನ್ನು ತೋರಿಸಲೇಬೇಕು. ಈಗ ನಾನು ಆ ಅಂಕಿಯನ್ನೂ ಟಿಕೆಟ್ ರದ್ದತಿ ಶುಲ್ಕವನ್ನೂ ನೋಡದೆ ಬಟನ್ ಒತ್ತುವುದಿಲ್ಲ.