ಮೊತ್ತ ನಿಂತರೆ ವರ್ಗಗಳ ಮೊತ್ತವೂ ನಿಲ್ಲಲೇಬೇಕೆ?

ಮಧ್ಯಾಹ್ನದ ಬಿಡುವಿನಲ್ಲಿ ಲೆಕ್ಕದ ಬಗ್ಗೆ ಮಾತಾಡುವ ನಮ್ಮಂಥ ಕೆಲವರ ನಡುವೆ ಒಂದು ಪ್ರಶ್ನೆ ಎದ್ದಿತ್ತು. ಕೊನೆಯಿಲ್ಲದ ಒಂದು ಶ್ರೇಣಿಯ ಸಂಖ್ಯೆಗಳನ್ನು ಕೂಡುತ್ತಾ ಹೋದರೆ ಮೊತ್ತ ಒಂದು ನಿಶ್ಚಿತ ಸಂಖ್ಯೆಗೆ ಬಂದು ನಿಲ್ಲುತ್ತದೆ ಎನ್ನೋಣ. ಇದಕ್ಕೆ ಕನ್ವರ್ಜ್ ಆಗುವುದು ಎನ್ನುತ್ತಾರೆ. ಈಗ ಪ್ರತಿ ಸಂಖ್ಯೆಯನ್ನೂ ವರ್ಗ ಮಾಡಿ ಕೂಡಿದರೆ ಆ ಮೊತ್ತವೂ ನಿಲ್ಲುತ್ತದೆಯೇ?

ಹೆಚ್ಚಿನವರು ಹೌದು ಎನ್ನುತ್ತಾರೆ. ಅವರು ಕೊಡುವ ಕಾರಣ ಎರಡೇ ಸಾಲು. ಮೊತ್ತ ನಿಲ್ಲಬೇಕಾದರೆ ಸಂಖ್ಯೆಗಳು ಸೊನ್ನೆಯ ಹತ್ತಿರ ಹೋಗಲೇಬೇಕು. 1ಕ್ಕಿಂತ ಚಿಕ್ಕ ಸಂಖ್ಯೆಯನ್ನು ವರ್ಗ ಮಾಡಿದರೆ ಇನ್ನೂ ಚಿಕ್ಕದಾಗುತ್ತದೆ, ಆದ್ದರಿಂದ ವರ್ಗಗಳ ಮೊತ್ತವೂ ನಿಲ್ಲುತ್ತದೆ. ಕೇಳಲು ಸರಿಯಾಗಿಯೇ ಇದೆ. ಆದರೆ ಉತ್ತರ ತಪ್ಪು. ಇಂಥ ಪ್ರಶ್ನೆಯನ್ನು ಸರಿ ಅಥವಾ ತಪ್ಪು ಎಂದು ಗುರುತು ಹಾಕುವ ಒಂದು ಅಂಕದ ಪ್ರಶ್ನೆಯಾಗಿ ಕೇಳಬಾರದು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಕಲಿಯಬೇಕಾದದ್ದೆಲ್ಲ ಆ ಎರಡು ಸಾಲಿನ ಕಾರಣ ಎಲ್ಲಿ ಮುರಿಯುತ್ತದೆ ಎಂಬುದರಲ್ಲಿದೆ. ಗುರುತು ಹಾಕುವವನು ಅದನ್ನು ನೋಡುವುದೇ ಇಲ್ಲ.

ಒಂದು ಉದಾಹರಣೆ ನೋಡೋಣ. 1, 1/√2, 1/√3, 1/√4 ಹೀಗೆ ಬರೆದು, ಚಿಹ್ನೆಗಳನ್ನು ಒಂದು ಬಿಟ್ಟು ಒಂದು ಬದಲಿಸೋಣ:

1 − 1/√2 + 1/√3 − 1/√4 + 1/√5 − …

ಹಂತ ಹಂತವಾಗಿ ಕೂಡಿದರೆ 1, 0.293, 0.870, 0.370, 0.817, 0.409 ಹೀಗೆ ಬರುತ್ತದೆ. ಮುಂದೆ ಒಂದು ಹೆಜ್ಜೆ, ಹಿಂದೆ ಅದಕ್ಕಿಂತ ಚಿಕ್ಕ ಹೆಜ್ಜೆ, ಮತ್ತೆ ಮುಂದೆ ಇನ್ನೂ ಚಿಕ್ಕದು. ಒಮ್ಮೆ ಮುಟ್ಟಿದ ಮೇಲಿನ ತುದಿಯನ್ನು ಮೊತ್ತ ಮತ್ತೆ ಮುಟ್ಟುವುದಿಲ್ಲ, ಕೆಳಗಿನ ತುದಿಯನ್ನೂ ಮುಟ್ಟುವುದಿಲ್ಲ. ಹೆಜ್ಜೆಯ ಉದ್ದ ಸೊನ್ನೆಯ ಕಡೆಗೆ ಹೋಗುವುದರಿಂದ ಎರಡು ತುದಿಗಳ ನಡುವಿನ ಅಂತರವೂ ಸೊನ್ನೆಯ ಕಡೆಗೆ ಹೋಗುತ್ತದೆ. ಹಾಗಾಗಿ ಮೊತ್ತ ಒಂದು ಕಡೆ ನಿಲ್ಲಲೇಬೇಕು. ಅದು ನಿಲ್ಲುವುದು ಸುಮಾರು 0.605ರಲ್ಲಿ. ಬಹಳ ನಿಧಾನವಾಗಿ ನಿಲ್ಲುತ್ತದೆ ಎಂಬುದು ನಿಜ. 10,000 ಸಂಖ್ಯೆ ಕೂಡಿದ ಮೇಲೂ ಅದು ಸುಮಾರು 0.60 ಮತ್ತು 0.61ರ ನಡುವೆ ಓಲಾಡುತ್ತಲೇ ಇರುತ್ತದೆ.

ಈಗ ಪ್ರತಿಯೊಂದನ್ನೂ ವರ್ಗ ಮಾಡಿ. ಋಣ ಚಿಹ್ನೆಗಳೆಲ್ಲ ಹೋದವು, ವರ್ಗಮೂಲವೂ ಹೋಯಿತು. ಉಳಿದದ್ದು:

1 + 1/2 + 1/3 + 1/4 + 1/5 + …

ಇದು ನಿಲ್ಲುವುದಿಲ್ಲ ಎಂದು 14ನೇ ಶತಮಾನದಲ್ಲೇ ಫ್ರಾನ್ಸಿನ ನಿಕೋಲ್ ಒರೆಮ್ ತೋರಿಸಿದ್ದ. ಅವನ ಉಪಾಯಕ್ಕೆ ಗುಂಪು ಮಾಡುವುದು ಗೊತ್ತಿದ್ದರೆ ಸಾಕು. 1/3 ಮತ್ತು 1/4 ಸೇರಿದರೆ ಎರಡು 1/4ಗಳಿಗಿಂತ, ಅಂದರೆ ಅರ್ಧಕ್ಕಿಂತ ಹೆಚ್ಚು. 1/5ರಿಂದ 1/8ರವರೆಗಿನ ನಾಲ್ಕು ಸೇರಿದರೆ ನಾಲ್ಕು 1/8ಗಳಿಗಿಂತ ಹೆಚ್ಚು, ಮತ್ತೆ ಅರ್ಧಕ್ಕಿಂತ ಹೆಚ್ಚೇ. ಮುಂದಿನ ಎಂಟು, ಅದರ ಮುಂದಿನ ಹದಿನಾರು, ಎಲ್ಲವೂ ಹಾಗೆಯೇ. ಅರ್ಧರ್ಧ ಸೇರುತ್ತಲೇ ಇದ್ದರೆ ಯಾವ ಮಿತಿಯನ್ನಾದರೂ ದಾಟಬಹುದು. ಕ್ಯಾಲ್ಕ್ಯುಲೇಟರ್ ಹಿಡಿದು ಪರೀಕ್ಷಿಸಲು ಹೋಗುವವರು ಮೋಸ ಹೋಗುವುದು ಇಲ್ಲೇ. ಈ ಮೊತ್ತ 10 ದಾಟಲು 12,367 ಸಂಖ್ಯೆಗಳು ಬೇಕು. ನೂರಿನ್ನೂರು ಸಂಖ್ಯೆ ಕೂಡಿ ನೋಡಿದವನಿಗೆ ಇದು ಇನ್ನೇನು ನಿಂತೇ ಬಿಟ್ಟಿತು ಎನ್ನಿಸುತ್ತದೆ.

ಹಾಗಾದರೆ ಆ ಎರಡು ಸಾಲಿನ ಕಾರಣದಲ್ಲಿ ದೋಷ ಎಲ್ಲಿದೆ? ವರ್ಗ ಚಿಕ್ಕದಾಗುತ್ತದೆ ಎಂಬ ಮಾತಿನಲ್ಲಿ. 0.5ರ ವರ್ಗ 0.25, ಅದು 0.5ಕ್ಕಿಂತ ಚಿಕ್ಕದು. ಆದರೆ −0.5ರ ವರ್ಗವೂ 0.25, ಅದು −0.5ಕ್ಕಿಂತ ದೊಡ್ಡದು. ಕಳೆಯುತ್ತಿದ್ದ ಸಂಖ್ಯೆ ಕೂಡುವ ಸಂಖ್ಯೆಯಾಯಿತು. ಮೊದಲ ಶ್ರೇಣಿ ನಿಂತದ್ದು ಸಂಖ್ಯೆಗಳು ಬೇಗ ಚಿಕ್ಕದಾದವು ಎಂದಲ್ಲ, ಒಂದು ಇನ್ನೊಂದನ್ನು ಹೊಡೆದುಹಾಕಿತು ಎಂದು. ಜಮಾ ಖರ್ಚಿನ ಪುಸ್ತಕದಲ್ಲಿ ಬಾಕಿ ಚಿಕ್ಕದಿದ್ದ ಮಾತ್ರಕ್ಕೆ ವ್ಯವಹಾರ ಚಿಕ್ಕದು ಎನ್ನಲಾಗುವುದಿಲ್ಲವಲ್ಲ, ಹಾಗೆ. (ಜಮಾ, ಖರ್ಚು ಎರಡೂ ನಮ್ಮ ಮನೆಯ ಉರ್ದುವಿನಲ್ಲೂ ಅವೇ ಮಾತುಗಳು, ಆದ್ದರಿಂದ ಈ ಹೋಲಿಕೆ ನನಗೆ ತಾನಾಗಿಯೇ ಬಂತು.)

ಇದು ಸೈನ್ಸ್ ಓದುವವರ ತಲೆನೋವು, ಕಾಮರ್ಸ್‌ನವರಿಗೆ ಯಾಕೆ ಎಂದು ಕೇಳುವವರಿದ್ದಾರೆ. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ನಾವು ಮಾನಕ ವಿಚಲನೆ ಲೆಕ್ಕ ಹಾಕುವುದು ಇದೇ ಕಾರಣಕ್ಕೆ. 40, 50, 60 ಅಂಕಗಳ ಸರಾಸರಿ 50. ಸರಾಸರಿಯಿಂದ ವ್ಯತ್ಯಾಸಗಳು −10, 0, 10, ಕೂಡಿದರೆ ಸೊನ್ನೆ. ವರ್ಗ ಮಾಡಿ ಕೂಡಿದರೆ 200. ಚಿಹ್ನೆ ಮುಚ್ಚಿಟ್ಟದ್ದನ್ನು ವರ್ಗ ಹೊರಗೆ ತರುತ್ತದೆ.

ಇನ್ನು ಎಲ್ಲ ಸಂಖ್ಯೆಗಳೂ ಧನವಾಗಿರುವ ಶ್ರೇಣಿ. ಇಲ್ಲಿ ಉತ್ತರ ಹೌದು, ವರ್ಗಗಳ ಮೊತ್ತ ನಿಲ್ಲಲೇಬೇಕು. ಆ ಎರಡು ಸಾಲಿನ ಕಾರಣವೇ ಇಲ್ಲಿ ಸರಿಯಾಗುತ್ತದೆ, ಆದರೆ ಶುರುವಿನಲ್ಲಿ 1ಕ್ಕಿಂತ ದೊಡ್ಡ ಸಂಖ್ಯೆಗಳಿದ್ದರೆ ಏನು ಎಂದು ಬೇರೆಯಾಗಿ ಹೇಳಬೇಕಾಗುತ್ತದೆ. ಅಂಥವು ಲೆಕ್ಕಕ್ಕೆ ಸಿಗುವಷ್ಟೇ ಇರುವುದರಿಂದ ತೊಂದರೆ ಇಲ್ಲ. ನನಗೆ ಹೆಚ್ಚು ಇಷ್ಟವಾದದ್ದು ಹೈಸ್ಕೂಲಿನ ಒಂದು ಸೂತ್ರದಿಂದ ಬರುವ ಸಾಧನೆ:

(a + b + c)² = a² + b² + c² + 2ab + 2bc + 2ca

ಎಲ್ಲವೂ ಧನವಾದರೆ ಬಲಗಡೆಯ ಗುಣಲಬ್ಧಗಳೂ ಧನವೇ. ಅವನ್ನು ಬಿಟ್ಟುಬಿಟ್ಟರೆ ಬಲಗಡೆ ಕಡಿಮೆಯಾಗುತ್ತದೆ. ಅಂದರೆ ವರ್ಗಗಳ ಮೊತ್ತ, ಮೊತ್ತದ ವರ್ಗವನ್ನು ಎಂದೂ ಮೀರುವುದಿಲ್ಲ. ಮೂರರ ಬದಲು ಎಷ್ಟು ಸಂಖ್ಯೆಗಳಿದ್ದರೂ ಇದು ನಿಜ. ವರ್ಗಗಳ ಮೊತ್ತ ಏರುತ್ತಲೇ ಹೋಗುತ್ತದೆ, ಆದರೆ ಮುಂದೆ ಒಂದು ಗೋಡೆ ಇದೆ, ಆದ್ದರಿಂದ ನಿಲ್ಲಬೇಕು. ಉದಾಹರಣೆಗೆ 5 + 2.5 + 1.25 + … ಎಂಬ ಗುಣೋತ್ತರ ಶ್ರೇಣಿಯ ಮೊತ್ತ 10. ವರ್ಗಗಳ ಮೊತ್ತ 25 + 6.25 + … ಸುಮಾರು 33.3. ಇದು 10ಕ್ಕಿಂತ ದೊಡ್ಡದು, ಆದರೂ 100ರ ಒಳಗೇ ನಿಂತಿತು.

ಇದೇ ಸೂತ್ರವನ್ನು ಮೊದಲಿನ ಶ್ರೇಣಿಯ ಮೇಲೆ ಇಟ್ಟು ನೋಡಿ. ಮೊದಲ ನಾಲ್ಕು ಸಂಖ್ಯೆಗಳ ಮೊತ್ತದ ವರ್ಗ 0.137. ವರ್ಗಗಳ ಮೊತ್ತ 2.083. ಹಾಗಾದರೆ ಗುಣಲಬ್ಧಗಳ ಪಾಲು −1.946. ಮುಂದೆ ಹೋದಷ್ಟೂ ವರ್ಗಗಳು ಮೇಲಕ್ಕೆ, ಗುಣಲಬ್ಧಗಳು ಕೆಳಕ್ಕೆ ಹೋಗುತ್ತವೆ, ಮತ್ತು ಎರಡೂ ಸೇರಿ ಬಾಕಿಯನ್ನು ಚಿಕ್ಕದಾಗಿಯೇ ಇಡುತ್ತವೆ. ಪ್ರಮೇಯ ಹೇಳುವಾಗ ‘ಧನ’ ಎಂಬ ಪದವನ್ನು ನುಂಗಿಬಿಡುವ ಅಭ್ಯಾಸ ನಮ್ಮಲ್ಲಿದೆ. ಸಾಧನೆಯ ಭಾರವೆಲ್ಲ ನಿಂತಿರುವುದು ಅದೇ ಪದದ ಮೇಲೆ.

ಇಷ್ಟನ್ನು ಓದಿ, ಚಿಹ್ನೆ ಬದಲಾಗುವ ಶ್ರೇಣಿಗಳ ವರ್ಗಗಳೆಲ್ಲ ನಿಲ್ಲುವುದಿಲ್ಲ ಎಂದು ತಿಳಿದರೆ ಅದೂ ಸರಿಯಲ್ಲ. 1 − 1/2 + 1/3 − 1/4 + … ಇದರ ವರ್ಗಗಳು 1 + 1/4 + 1/9 + …, ಇದು ಸುಮಾರು 1.645ರಲ್ಲಿ ನಿಲ್ಲುತ್ತದೆ. ಛೇದದಲ್ಲಿರುವ n‌ನ ಘಾತ ಅರ್ಧಕ್ಕಿಂತ ಹೆಚ್ಚಿದ್ದರೆ ವರ್ಗಗಳ ಮೊತ್ತ ನಿಲ್ಲುತ್ತದೆ, ಅರ್ಧ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಇಲ್ಲ. √n ಸರಿಯಾಗಿ ಆ ಗಡಿಯ ಮೇಲೆ ಕೂತಿದೆ. ಘಾತವನ್ನು 0.5ರ ಬದಲು 0.51 ಮಾಡಿದರೂ ಸಾಕು, ವರ್ಗಗಳ ಮೊತ್ತ 50 ದಾಟಿ 51ರ ಒಳಗೆ ನಿಂತುಬಿಡುತ್ತದೆ.