ಬೆಂಡಿನ ಪಕ್ಕ ಮೀಟರ್ ಅಂಟಿಸಿ ಊರನ್ನು ನೀರುಗಳ್ಳರೆನ್ನಬೇಡಿ

ಕಳೆದ ಬೇಸಿಗೆಯಲ್ಲಿ ನಮ್ಮ ತಾಲೂಕಿನ ಒಂದು ಊರಿನ ಗ್ರಾಮಸಭೆಗೆ ಹೋಗಿದ್ದೆವು. ಊರಿನ ಹೆಸರು ಬೇಡ. 500 ಜನ, ಒಂದು ಪಂಪ್‌ಹೌಸ್, ಒಂದು ಟ್ಯಾಂಕ್. ಸಭೆಯಲ್ಲಿ ಬಂದ ಮಾತು ಇಷ್ಟೇ: "ದಿನಕ್ಕೆ 34 ಸಾವಿರ ಲೀಟರ್ ಬಿಡ್ತಾ ಇದ್ದೇವೆ, ನಿಮಗೆ ಬೇಕಾದ್ದು ಇಪ್ಪತ್ತೇಳೂವರೆ ಸಾವಿರ. ಉಳಿದದ್ದು ಎಲ್ಲಿಗೆ ಹೋಯ್ತು? ಯಾರ ತೋಟಕ್ಕೆ?" ತೋಟ ಅಂದ ಕೂಡಲೇ ಸಭೆಯಲ್ಲಿ ಎರಡು ಗುಂಪಾಯಿತು. ಅಣ್ಣ ತಮ್ಮಂದಿರ ನಡುವೆಯೂ ಮಾತು ನಿಂತಿತು.

ಜಲಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. 500 ಜನಕ್ಕೆ 27,500 ಲೀಟರ್. ಅಲ್ಲಿಯವರೆಗೆ ಲೆಕ್ಕ ಸರಿ. 34 ಸಾವಿರ ಎಂದು ಹೇಳಿದ್ದು ಯಾರು? ಪಂಪ್‌ಹೌಸ್ ಗೋಡೆಯ ಹೊರಗೆ ಪೈಪಿಗೆ ಅಂಟಿಸಿದ ಅಲ್ಟ್ರಾಸಾನಿಕ್ ಮೀಟರ್. ಮರುದಿನ ನೀರಗಂಟಿ ಭಾವನ ಜೊತೆ ಟೇಪು ಹಿಡಿದುಕೊಂಡು ಹೋದೆವು. ಪಂಪಿನಿಂದ ಬಂದ ಪೈಪು ಗೋಡೆ ದಾಟಿ ಒಂದು ಬೆಂಡ್ ತಿರುಗುತ್ತದೆ. ಬೆಂಡಿನಿಂದ ಒಂದೇ ಅಡಿ ದೂರದಲ್ಲಿ ಮೀಟರಿನ ಸೆನ್ಸರ್. ಅಲ್ಲಿಂದ ಮುಂದೆ ನೆಲಕ್ಕಿಳಿಯುವವರೆಗೆ ಇಪ್ಪತ್ತು ಅಡಿ ನೆಟ್ಟಗಿನ ಪೈಪು ಖಾಲಿ ಬಿದ್ದಿತ್ತು. "ಇಲ್ಲೇ ಯಾಕೆ ಕೂರಿಸಿದ್ರು ಭಾವ?" ಅಂದರೆ, "ನೆರಳಿತ್ತಲ್ಲ ಮಾರಾಯ್ರೆ, ವೈರೂ ಗಿಡ್ಡ ಸಾಕಾಯ್ತು" ಅಂದರು.

ಆ ಒಂದು ಅಡಿಯಲ್ಲೇ ಅರ್ಧ ಜಗಳ ಇದ್ದದ್ದು. ಹೊಳೆ ತಿರುಗುವಲ್ಲಿ ನಿಂತು ನೋಡಿದವರಿಗೆ ಇದು ಹೊಸತಲ್ಲ. ತಿರುವಿನ ಹೊರದಂಡೆಯಲ್ಲಿ ನೀರು ಓಡುತ್ತದೆ, ಒಳದಂಡೆಯಲ್ಲಿ ನಿಂತಂತೆ ಇರುತ್ತದೆ, ನಡುವೆ ಸುಳಿ. ಪೈಪಿನೊಳಗೂ ಬೆಂಡ್ ಆದಮೇಲೆ ಹಾಗೆಯೇ ಆಗುತ್ತದೆ. ಅಂಟಿಸುವ ಅಲ್ಟ್ರಾಸಾನಿಕ್ ಮೀಟರಿಗೆ ಎರಡು ಸೆನ್ಸರ್. ನೀರಿನ ದಿಕ್ಕಿಗೆ ಹೋದ ಶಬ್ದ ಸ್ವಲ್ಪ ಬೇಗ ತಲುಪುತ್ತದೆ, ಎದುರು ಬಂದದ್ದು ಸ್ವಲ್ಪ ತಡ. ಆ ವ್ಯತ್ಯಾಸದಿಂದ ನೀರಿನ ವೇಗ ಸಿಗುತ್ತದೆ. ಆದರೆ ಶಬ್ದ ಪೈಪಿನ ಅಡ್ಡಕ್ಕೆ ಒಂದೇ ಗೆರೆಯಲ್ಲಿ ಹಾಯುತ್ತದೆ. ಆ ಗೆರೆಯಲ್ಲಿ ಕಂಡ ವೇಗವನ್ನೇ ಮೀಟರ್ ಇಡೀ ಪೈಪಿಗೆ ಅನ್ವಯಿಸುತ್ತದೆ. ಗೆರೆ ವೇಗದ ಕಡೆ ಬಿದ್ದರೆ ಲೆಕ್ಕ ಹೆಚ್ಚು, ನಿಧಾನದ ಕಡೆ ಬಿದ್ದರೆ ಕಡಿಮೆ.

ಅದಕ್ಕೇ ಮೀಟರಿನ ಮುಂಚೆ ಮತ್ತು ನಂತರ ನೆಟ್ಟಗಿನ ಪೈಪು ಬೇಕು ಅನ್ನುವುದು. ಅದನ್ನು ಅಡಿಯಲ್ಲಿ ಹೇಳುವುದಿಲ್ಲ, ಪೈಪಿನ ವ್ಯಾಸದ ಎಷ್ಟು ಪಟ್ಟು ಎಂದು ಹೇಳುತ್ತಾರೆ. ಅಲ್ಟ್ರಾಸಾನಿಕ್‌ಗೆ ಸಾಮಾನ್ಯವಾಗಿ ಮುಂಚೆ 10 ಪಟ್ಟು, ನಂತರ 5 ಪಟ್ಟು. ಅದು ಒಂದೇ ಬೆಂಡ್ ಇದ್ದರೆ. ಪಂಪ್ ಅಥವಾ ಅರ್ಧ ತೆರೆದ ವಾಲ್ವ್ ಹಿಂದಿದ್ದರೆ 30 ಪಟ್ಟು, ಅದಕ್ಕೂ ಹೆಚ್ಚು ಕೇಳುತ್ತಾರೆ. ಈ ಊರಿನದು ಸುಮಾರು 100 ಮಿ.ಮೀ. ಒಳವ್ಯಾಸದ ಪೈಪು. ಬೆಂಡಿಗಷ್ಟೇ ಆದರೂ ಮೂರೂಕಾಲು ಅಡಿ ಬೇಕಿತ್ತು. ಪಂಪೂ ಹತ್ತಿರವೇ ಇದೆ, ಹಾಗಾಗಿ ಹತ್ತು ಅಡಿ ಬಿಡಬೇಕಿತ್ತು. ಬಿಟ್ಟದ್ದು ಒಂದಡಿ.

ಎಲೆಕ್ಟ್ರೋಮ್ಯಾಗ್ನೆಟಿಕ್ ಮೀಟರಿಗೆ ಮುಂಚೆ 5 ಪಟ್ಟು, ನಂತರ 2–3 ಪಟ್ಟು ಸಾಮಾನ್ಯವಾಗಿ ಸಾಕು. 100 ಮಿ.ಮೀ. ಪೈಪಿಗೆ ಮುಂಚೆ ಅರ್ಧ ಮೀಟರ್, ನಂತರ ಒಂದಡಿ. ಕಾರಣ ಸರಳ. ಅದು ಪೈಪಿನ ಸುತ್ತ ಅಯಸ್ಕಾಂತದ ಬಲ ಹುಟ್ಟಿಸುತ್ತದೆ. ಅದರೊಳಗೆ ಹರಿಯುವ ನೀರಿನಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಎರಡು ಬದಿಯ ಎಲೆಕ್ಟ್ರೋಡುಗಳು ಅದನ್ನು ಅಳೆಯುತ್ತವೆ. ಒಂದೇ ಗೆರೆಯ ಮಾತಲ್ಲ, ಪೈಪಿನ ಇಡೀ ಅಡ್ಡಕೊಯ್ತದ ನೀರು ಸೇರಿ ಉತ್ತರ ಕೊಡುತ್ತದೆ. ಒಂದಿಷ್ಟು ಸೊಟ್ಟ ಹರಿವನ್ನು ತಡೆದುಕೊಳ್ಳುತ್ತದೆ.

ಹಾಗಿದ್ದರೆ ಇದನ್ನು ಯಾಕೆ ಹಾಕುವುದಿಲ್ಲ? ನಮ್ಮ ಕಿವಿಗೆ ಬಿದ್ದ ಉತ್ತರ ಎರಡು. ಒಂದು, "ನಿಮ್ಮ ಘಟ್ಟದ ನೀರಲ್ಲಿ ಉಪ್ಪೇ ಇಲ್ಲ, ಕರೆಂಟ್ ಹರಿಯಲ್ಲ." ಇದು ಶುದ್ಧ ಬೊಗಳೆ. ಈ ಮೀಟರಿಗೆ ಆಗದ್ದು ಬಟ್ಟಿ ಇಳಿಸಿದ ನೀರು, ಎಣ್ಣೆ. ಹೊಳೆಯ ನೀರು ಎಷ್ಟೇ ಸಪ್ಪೆಯಾದರೂ ಅದಕ್ಕೆ ಬೇಕಾದಷ್ಟು ಲವಣ ಅದರಲ್ಲಿರುತ್ತದೆ. ಮೇಲಿಂದ ಆಲಂ, ಬ್ಲೀಚಿಂಗ್ ಪೌಡರ್ ಬೇರೆ ಬಿದ್ದಿರುತ್ತದೆ. ಎರಡು, "ಪೈಪು ಕೊಯ್ಯಬೇಕು, ಸಪ್ಲೈ ನಿಲ್ಲಿಸಬೇಕು." ಇದು ನಿಜ. ಆದರೆ ನಮ್ಮೂರುಗಳಲ್ಲಿ ಪಂಪು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂಬುದು ಹೇಳುವವರಿಗೂ ಗೊತ್ತು. ಟ್ಯಾಂಕ್ ತುಂಬಿಸಿಟ್ಟು ಒಂದು ಮಧ್ಯಾಹ್ನ ಕೊಯ್ದರೆ ಯಾರ ಮನೆ ಒಲೆಯೂ ಆರುವುದಿಲ್ಲ.

ಅಂಟಿಸುವ ಮೀಟರನ್ನೇ ಬೇಡ ಅನ್ನುತ್ತಿಲ್ಲ. ನಿಲ್ಲಿಸಲಾಗದ ದೊಡ್ಡ ಪೈಪಿಗೆ, ಇದ್ದ ಮೀಟರಿನ ತಪಾಸಣೆಗೆ ಅದರಷ್ಟು ಅನುಕೂಲದ್ದು ಇಲ್ಲ. ಆದರೆ ಅದರದ್ದು ಇನ್ನೊಂದು ಗುಟ್ಟಿದೆ: ಪೈಪಿನ ಒಳವ್ಯಾಸ ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಹೊರವ್ಯಾಸ, ಗೋಡೆಯ ದಪ್ಪ, ಪೈಪಿನ ಜಾತಿ ಎಲ್ಲವನ್ನೂ ನಾವು ಒತ್ತಿ ತುಂಬಬೇಕು. ಈ ಊರಿನಲ್ಲಿ ತುಂಬಿದ್ದು 110 ಮಿ.ಮೀ. ಎಚ್‌ಡಿಪಿಇ, ದಪ್ಪ 5 ಮಿ.ಮೀ. ಉಳಿದ ತುಂಡು ಅಂಗಳದಲ್ಲೇ ಬಿದ್ದಿತ್ತು, ಅಳೆದರೆ 6.6. ಒಳವ್ಯಾಸ 100 ಅಲ್ಲ, 96.8. ಮೂರು ಮಿ.ಮೀ. ಏನು ಮಹಾ ಅನ್ನಬೇಡಿ. ನೀರು ಹರಿಯುವ ಜಾಗ ವ್ಯಾಸದ ವರ್ಗದಂತೆ ಬೆಳೆಯುತ್ತದೆ. ಲೆಕ್ಕ ಹಾಕಿದರೆ ಸುಮಾರು ಶೇ. 7 ಹೆಚ್ಚು.

ಇನ್ನು ನಿಜ ತಿಳಿಯುವುದು ಹೇಗೆ? ಟ್ಯಾಂಕೇ ದೊಡ್ಡ ಕೊಡಪಾನ. ಗುಂಡಗಿನ ಟ್ಯಾಂಕ್, ಒಳವ್ಯಾಸ 5 ಮೀಟರ್. 5 ಗುಣಿಸು 5 ಗುಣಿಸು 0.785, ಅಂದರೆ ಒಂದು ಮೀಟರ್ ಎತ್ತರಕ್ಕೆ ಸುಮಾರು 19,600 ಲೀಟರ್. ಊರಿಗೆ ಹೋಗುವ ವಾಲ್ವ್ ಕಟ್ಟಿ ಸರಿಯಾಗಿ ಒಂದು ಗಂಟೆ, ಅಂದರೆ ದಿನದ ಸರದಿಯಷ್ಟು, ಪಂಪು ಓಡಿಸಿದೆವು. ನೀರು ಏರಿದ್ದು ಒಂದೂವರೆ ಮೀಟರ್: 29,400 ಲೀಟರ್. ಮೀಟರ್ ಹೇಳಿದ್ದು 34 ಸಾವಿರ. ದಪ್ಪ ಸರಿಮಾಡಿ ಮತ್ತೆ ಅಷ್ಟೇ ಓಡಿಸಿದಾಗ 31,900ಕ್ಕೆ ಇಳಿಯಿತು. ಸೆನ್ಸರ್ ಕಿತ್ತು, ಬೆಂಡಿನಿಂದ ಹನ್ನೆರಡು ಅಡಿ ದೂರಕ್ಕೆ ಹೊಸ ಜೆಲ್ ಹಚ್ಚಿ ಕೂರಿಸಿದಾಗ 29,700. ಟ್ಯಾಂಕಿಗೂ ಪಂಪ್‌ಹೌಸಿಗೂ ನಡುವೆ ಪೈಪು ಒಡೆದಿಲ್ಲ ಎಂಬುದನ್ನು ಮೊದಲೇ ನಡೆದು ನೋಡಿದ್ದೆವು. ಇಲ್ಲವಾದರೆ ಸೋರಿಕೆಯನ್ನೂ ಮೀಟರಿನ ತಪ್ಪೆಂದು ಬರೆದುಕೊಳ್ಳುತ್ತಿದ್ದೆವು.

ಹಾಗಾದರೆ ಕಳೆದುಹೋಗುತ್ತಿದ್ದ ನೀರು ಆರೂವರೆ ಸಾವಿರ ಲೀಟರ್ ಅಲ್ಲ, ಎರಡು ಸಾವಿರದ ಹತ್ತಿರ. ತೋಟಕ್ಕೆ ಹೋಯಿತೆಂದು ಬೈಸಿಕೊಂಡವರಿಗೆ ಯಾರೂ ತಪ್ಪಾಯಿತೆಂದು ಹೇಳಿಲ್ಲ. ಬಿಲ್ಲು ಮಾತ್ರ ಆಗಲೇ ಪಾಸಾಗಿತ್ತು.

ಎಲೆಕ್ಟ್ರೋಮ್ಯಾಗ್ನೆಟಿಕ್ ತಂದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದೂ ನಂಬಬೇಡಿ. ನಮ್ಮದು ಗುಡ್ಡದ ಸೀಮೆ. ಗುಡ್ಡದ ಟ್ಯಾಂಕಿನಿಂದ ಇಳಿಯುವ ಪೈಪು ಎಷ್ಟೋ ಕಡೆ ಪೂರ್ತಿ ತುಂಬಿರುವುದಿಲ್ಲ, ಅರ್ಧ ನೀರು ಅರ್ಧ ಗಾಳಿ. ಈ ಮೀಟರ್ ಪೈಪು ತುಂಬಿದೆ ಎಂದೇ ಲೆಕ್ಕ ಹಾಕುತ್ತದೆ. ಹಾಗಾಗಿ ಇಳಿಜಾರಿನಲ್ಲಿ ಅಲ್ಲ, ನೀರು ಮೇಲೇರುವ ಅಥವಾ ತಗ್ಗಿನಲ್ಲಿ ತುಂಬಿ ನಿಲ್ಲುವ ಜಾಗದಲ್ಲಿ ಕೂರಿಸಬೇಕು. ಎಲೆಕ್ಟ್ರೋಡುಗಳು ಎಡಬಲಕ್ಕಿರಬೇಕು. ಮೇಲೆ ಕೆಳಗೆ ಬಂದರೆ ಮೇಲಿನದಕ್ಕೆ ಗಾಳಿ, ಕೆಳಗಿನದಕ್ಕೆ ಕೆಸರು. ಪ್ಲಾಸ್ಟಿಕ್ ಪೈಪಾದರೆ ನೀರನ್ನೇ ಅರ್ಥಿಂಗ್ ಮಾಡುವ ಲೋಹದ ಬಳೆ ಎರಡೂ ಬದಿಗೆ ಬೇಕು. ಅದಿಲ್ಲದಿದ್ದರೆ ಅಂಕಿ ಕುಣಿಯುತ್ತದೆ. ಸಿಡಿಲಿನ ತಡೆಯೂ ಬೇಕು, ಮುಂಗಾರಿನ ಮೊದಲ ಗುಡುಗಿಗೇ ಡಿಸ್‌ಪ್ಲೇ ಸುಟ್ಟುಹೋದರೆ ದುಡ್ಡು ನೀರುಪಾಲು.

ಪಿಡಿಒ ಮೇಡಂ, ಎಂಜಿನಿಯರ್ ಸಾಹೇಬರೇ, ನಾವು ಕೇಳುವುದು ಇಷ್ಟೇ. ಮುಂದಿನ ಟೆಂಡರಿನಲ್ಲಿ ಮೀಟರಿನ ಕಂಪನಿ ಹೆಸರಿನ ಜೊತೆ ನೆಟ್ಟಗಿನ ಪೈಪಿನ ಉದ್ದವನ್ನೂ ಅಡಿಯಲ್ಲಿ ಬರೆಯಿರಿ. ಬಿಲ್ಲಿಗೆ ಸಹಿ ಹಾಕುವ ಮುಂಚೆ ಟೇಪು ಹಿಡಿಯಿರಿ, ನೀರಗಂಟಿ ಮತ್ತು ಇಬ್ಬರು ಊರವರ ಎದುರು ಟ್ಯಾಂಕ್ ತುಂಬಿಸಿ ನೋಡಿ, ಆ ಕಾಗದ ಪಂಚಾಯ್ತಿ ಬೋರ್ಡಿಗೆ ಅಂಟಿಸಿ. ನಿಮ್ಮೂರಿನ ಮೀಟರ್ ಬೆಂಡಿನಿಂದ ಎಷ್ಟು ದೂರ ಇದೆಯೆಂದು ಓದುಗರೂ ಅಳೆದು, ಫೋಟೋ ತೆಗೆದು ನಮಗೆ ಕಳಿಸಿ. ಫೋಟೋದಲ್ಲಿ ಟೇಪು ಕಾಣಲಿ.